50ರ ಬಾರ್ 40ಕ್ಕೆ: ಐದು ಕಟ್ ಅಂದುಕೊಂಡಿದ್ದು ಆರಾಯಿತು

ನಮ್ಮದು ಕಲಬುರಗಿಯಲ್ಲಿ ಒಂದೇ ಲೇಥ್ ಇರುವ ಸಣ್ಣ ವರ್ಕ್‌ಶಾಪ್. ಆರಡಿ ಬೆಡ್, ಹಳೇ ಮಷಿನ್, ಒಂದೂವರೆ ಎಚ್‌ಪಿ ಮೋಟರ್, ಎರಡು ವಿ-ಬೆಲ್ಟ್. ತೊಗರಿ ಸೀಜನ್‌ನಲ್ಲಿ ಬರುವ ಕೆಲಸ ಮುಕ್ಕಾಲು ಪಾಲು ದಾಲ್ ಮಿಲ್‌ಗಳದ್ದೇ. ಈ ಸಲ ಬಂದಿದ್ದು ಎಲಿವೇಟರ್ ಬುಡದ ಪುಲ್ಲಿಯ ಶಾಫ್ಟ್. ಹಳೆಯದು ಬೇರಿಂಗ್ ಕೂರುವ ಜಾಗದಲ್ಲಿ ಸವೆದು, ಒಳರಿಂಗ್ ಗರಗರ ತಿರುಗಿ ನೀಲಿಗಟ್ಟಿತ್ತು.

ಹೊಸದಕ್ಕೆ ಬೇಕಾಗಿದ್ದು ಇಷ್ಟು. ಇಎನ್8 ಉಕ್ಕಿನ ಬ್ರೈಟ್ ಬಾರ್, ವ್ಯಾಸ 50, ಉದ್ದ 420 ಮಿ.ಮೀ. ನಡುವಿನ ಭಾಗ ಹಾಗೇ ಇರಲಿ, ಅಲ್ಲಿ ಪುಲ್ಲಿ ಕೀ ಹಾಕಿ ಕೂರುತ್ತದೆ. ಎರಡೂ ತುದಿಗೆ 60 ಮಿ.ಮೀ. ಉದ್ದಕ್ಕೆ 40 ವ್ಯಾಸಕ್ಕೆ ಇಳಿಸಬೇಕು, ಅಲ್ಲಿ 6208 ಬೇರಿಂಗ್. ಒಳರಿಂಗ್ ಶಾಫ್ಟ್ ಮೇಲೆ ಜಾರಬಾರದು, ಹಾಗಾಗಿ ಕೆ6 ಫಿಟ್ ಇಟ್ಟುಕೊಂಡೆ. 40ಕ್ಕೆ ಅದರ ಅರ್ಥ 40.002ರಿಂದ 40.018. ನಾನು ಗುರಿ ಇಟ್ಟಿದ್ದು 40.01.

ಎರಡು ಶಾಫ್ಟ್ ಮಾಡಿದೆ. ಒಂದು ಕೆಟ್ಟಿತು. ಕೆಟ್ಟಿದ್ದನ್ನೇ ಮೊದಲು ಹೇಳುತ್ತೇನೆ.

ಸೋಮವಾರ: ಬಾಯಿಲೆಕ್ಕ

ಬಾರ್ ಅಳೆದರೆ 49.92 ಇತ್ತು. ಬ್ರೈಟ್ ಬಾರ್ ಯಾವಾಗಲೂ ಸ್ವಲ್ಪ ಕಡಿಮೆಯೇ ಇರುತ್ತದೆ, ಅದು ಸರಿ. ನಾನು ಕಾಗದ ತೆಗೆಯಲಿಲ್ಲ. ಹತ್ತು ಮಿಲಿ ಇಳಿಸಬೇಕು, ಎರಡೆರಡು ಮಿಲಿ ಐದು ಕಟ್, ಮುಗೀತು ಅಂದುಕೊಂಡೆ. ಹುಡುಗನಿಗೆ "ಎರಡು ಮಿಲಿ ಹಾಕಿ ಬಿಡು" ಅಂದು ಫೋನ್ ಎತ್ತಿಕೊಂಡು ಹೊರಗೆ ಹೋದೆ.

ಈ "ಎರಡು ಮಿಲಿ" ಅನ್ನೋ ಮಾತೇ ಮೊದಲ ತಪ್ಪು. ನನ್ನ ತಲೆಯಲ್ಲಿ ಇದ್ದದ್ದು ವ್ಯಾಸದಲ್ಲಿ ಎರಡು ಮಿಲಿ, ಅಂದರೆ ಟೂಲ್ ಒಳಗೆ ಹೋಗಬೇಕಾದ್ದು ಒಂದು ಮಿಲಿ. ನಮ್ಮ ಲೇಥ್‌ನ ಕ್ರಾಸ್ ಸ್ಲೈಡ್ ಡಯಲ್‌ನಲ್ಲಿ ಒಂದು ಗೆರೆ ಅಂದರೆ ಟೂಲ್ 0.05 ಮಿ.ಮೀ. ಮುಂದೆ ಹೋಗುತ್ತದೆ, ವ್ಯಾಸ 0.1 ಇಳಿಯುತ್ತದೆ. ಹುಡುಗ ಪ್ರಾಮಾಣಿಕವಾಗಿ 40 ಗೆರೆ ತಿರುಗಿಸಿದ. ಟೂಲ್ ಎರಡು ಮಿಲಿ ಆಳಕ್ಕೆ ಕೂತಿತು. ಫೀಡ್ ಸುತ್ತಿಗೆ 0.2 ಮಿ.ಮೀ., ಸ್ಪೀಡ್ ನಿಮಿಷಕ್ಕೆ 450 ಸುತ್ತು.

ಹೊರಗಿದ್ದ ನನಗೆ ಬೆಲ್ಟ್ ಕಿರುಚಿದ್ದು ಕೇಳಿಸಿತು. ಒಳಗೆ ಬರುವಷ್ಟರಲ್ಲಿ ಚಕ್ ನಿಧಾನವಾಗಿ, ಜಾಬ್ ನಿಂತು, ಟೂಲ್ ಅದರಲ್ಲಿ ಕಚ್ಚಿಕೊಂಡಿತ್ತು. ರಬ್ಬರ್ ಸುಟ್ಟ ವಾಸನೆ. ಟೂಲ್ ಹಿಂದಕ್ಕೆ ಎಳೆದರೆ ಕಾರ್ಬೈಡ್ ಟಿಪ್‌ನ ಮೂಲೆ ಇಲ್ಲ.

"ಅಣ್ಣಾ, ನೀವೇ ಎರಡ್ ಮಿಲಿ ಅಂದ್ರಿ."

ಹೌದಲ್ಲ. ಅಂದವನು ನಾನೇ.

ಕೆಲವು ಮಷಿನ್‌ಗಳಲ್ಲಿ ಡಯಲ್ ನೇರವಾಗಿ ವ್ಯಾಸವನ್ನೇ ತೋರಿಸುತ್ತದೆ. ಬೇರೆ ಕಡೆ ಕೆಲಸ ಮಾಡಿ ಬಂದವರಿಗೆ ಇಲ್ಲಿ ಗೊಂದಲ ಆಗೇ ಆಗುತ್ತದೆ. ನಿಮ್ಮ ಮಷಿನ್ ಯಾವ ಜಾತಿ ಅಂತ ತಿಳಿಯಲು ಹತ್ತು ಗೆರೆ ಕೊಟ್ಟು ಐದು ಮಿಲಿ ಉದ್ದ ತೆಗೆದು, ಮೊದಲು ಮತ್ತು ಆಮೇಲೆ ವರ್ನಿಯರ್‌ನಲ್ಲಿ ಅಳೆದರೆ ಸಾಕು. ಈಗ ನಮ್ಮ ಹೆಡ್‌ಸ್ಟಾಕ್ ಮೇಲೆ ಸೀಮೆಸುಣ್ಣದಲ್ಲಿ ಬರೆದಿದೆ: 1 ಗೆರೆ = ವ್ಯಾಸ 0.1.

ಹೊಸ ಟೂಲ್ ಕಟ್ಟಿ ನಾನೇ ನಿಂತೆ. ಒಂದೊಂದು ಮಿಲಿ ಆಳದಲ್ಲಿ ನಾಲ್ಕು ಕಟ್, ಐದನೆಯದು 0.9. ಅಳೆದರೆ 40.11. ಇನ್ನು ವ್ಯಾಸದಲ್ಲಿ 0.1 ಉಳಿದಿದೆ, ಒಂದೇ ಗೆರೆ. ಎಷ್ಟು ಸುಲಭ ಅಲ್ವಾ?

ಒಂದು ಗೆರೆ ಕೊಟ್ಟೆ, ಫೀಡ್ ಕಡಿಮೆ ಮಾಡಿ ಬಿಟ್ಟೆ. ಚಿಪ್ಸ್ ಬರಲಿಲ್ಲ. ಕೂದಲಿನಂಥ ಒಂದಿಷ್ಟು ನೂಲು ಬಿತ್ತು, ಮೈ ಮಾತ್ರ ಹೊಳೆಯಿತು. ಅಳೆದರೆ 40.10. ಮೈಕ್ರೋಮೀಟರ್ ತಪ್ಪು ಹೇಳುತ್ತಿದೆ ಅಂದುಕೊಂಡು ಒರೆಸಿ ಮತ್ತೆ ಅಳೆದೆ. ಅದೇ. ಇನ್ನೊಂದು ಗೆರೆ ಕೊಟ್ಟೆ. 40.08. ತಾಳ್ಮೆ ಹೋಯಿತು. ಅಂದಾಜಿನ ಮೇಲೆ ಅರ್ಧ ಗೆರೆ ಮುಂದೆ ತಳ್ಳಿದೆ. ಈ ಸಲ ಟೂಲ್ ಕಚ್ಚಿತು, ಚೆನ್ನಾಗಿ ಚಿಪ್ಸ್ ಬಂತು. 39.96.

ಬೇರಿಂಗ್ ತಂದು ಹಾಕಿದರೆ ಕೈಯಲ್ಲೇ ಸರಕ್ಕನೆ ಹೋಗಿ, 50ರಿಂದ 40ಕ್ಕೆ ಇಳಿಯುವ ಮೆಟ್ಟಿಲಿಗೆ, ಅಂದರೆ ಭುಜಕ್ಕೆ, ಕೂತಿತು. ಕೈಯಲ್ಲಿ ಹೋಗುವ ಬೇರಿಂಗ್ ಮಿಲ್‌ನಲ್ಲಿ ತಾನೇ ತಿರುಗುತ್ತದೆ. ಹಳೇ ಶಾಫ್ಟ್ ಕೆಟ್ಟಿದ್ದೂ ಹಾಗೇ.

ಸೋಮವಾರ ರಾತ್ರಿ: ಉಸ್ತಾದರಿಗೆ ಫೋನ್

ನನಗೆ ಕೆಲಸ ಕಲಿಸಿದ ಉಸ್ತಾದರು ಈಗ ಮನೆಯಲ್ಲೇ ಇದ್ದಾರೆ. ಕಣ್ಣು ಮಂಜು, ಕಿವಿ ಮಾತ್ರ ಚುರುಕು. ನಡೆದಿದ್ದೆಲ್ಲ ಹೇಳಿದೆ. ಬೈಯಲಿಲ್ಲ. ಒಂದೇ ಕೇಳಿದರು.

"ಕೊನೀ ಕಟ್‌ಗೆ ಎಷ್ಟ್ ಉಳಿಸಿದ್ದಿ?"

"ಒಂದ್ ಗೆರಿ, ಉಸ್ತಾದ್."

"ಒಂದ್ ಗೆರಿಗೆ ಟೂಲ್ ಕತ್ತರಸಂಗಿಲ್ಲ ತಮ್ಮಾ, ತಿಕ್ತದ. ತಿಕ್ಕಿ ತಿಕ್ಕಿ ಒತ್ತಡ ತುಂಬಿ, ಆಮ್ಯಾಲ ಒಮ್ಮೆಲೆ ಒಳಗ ಹೋಗ್ತದ. ಕೊನೀ ಎರಡ್ ಕಟ್ ಒಂದೇ ತೂಕದ್ದು ಇಡು. ಮೊದಲನೇದು ಸುಳ್ಳ್ ಹೇಳಿದ್ರ ಎರಡನೇದೂ ಅಷ್ಟೇ ಸುಳ್ಳ್ ಹೇಳ್ತದ. ಲೆಕ್ಕ ಹತ್ತತದ."

ಈ ಮಾತು ಅರ್ಥ ಆಗಲು ನನಗೆ ಬುಧವಾರದ ತನಕ ಬೇಕಾಯಿತು.

ತಿಕ್ಕಿದ್ದು ಯಾಕೆ ಅಂತ ಮಾತ್ರ ಅವತ್ತೇ ಗೊತ್ತಾಯಿತು. ನಾನು ಬಳಸಿದ್ದು ರಫ್ ಟೂಲನ್ನೇ. ಅದರ ಮೂಗು ದುಂಡಗೆ, ಸುಮಾರು 0.8 ರೇಡಿಯಸ್, ಅದರ ಮೇಲೆ ಐದು ಕಟ್ ತೆಗೆದು ಅಂಚು ಮೊಂಡಾಗಿತ್ತು. ಅಂಥ ದುಂಡು ಮೂಗಿಗೆ 0.05 ಆಳ ಕೊಟ್ಟರೆ ಅಂಚು ಲೋಹದ ಒಳಗೆ ಹೋಗುವುದೇ ಇಲ್ಲ. ಜಾಬ್ ಆ ಕಡೆ, ಟೂಲ್‌ಪೋಸ್ಟ್ ಈ ಕಡೆ ಸ್ವಲ್ಪ ಬಾಗಿ ದಾರಿ ಬಿಡುತ್ತವೆ. ಡಯಲ್ ಮಾತ್ರ ಮುಂದೆ ಹೋಗಿರುತ್ತದೆ.

ಮಂಗಳವಾರ: ಮಷಿನ್ ಎಷ್ಟು ತಡೆಯುತ್ತದೆ?

ಹೊಸ ಬಾರ್ ತಂದೆ. 420 ಮಿ.ಮೀ.ಗೆ ಆರೂವರೆ ಕೆಜಿ ತೂಗಿತು, 660 ರೂಪಾಯಿ. ಜೊತೆಗೆ ಫಿನಿಶಿಂಗ್‌ಗೆ ಅಂತ 0.4 ಮೂಗಿನ ಇನ್ಸರ್ಟ್ ಒಂದು, 180.

ಹೊಸ ಬಾರ್ ಮುಟ್ಟುವ ಮೊದಲು ಕೆಟ್ಟ ಶಾಫ್ಟ್‌ನ ಇನ್ನೊಂದು ತುದಿ ಇತ್ತಲ್ಲ, ಅದನ್ನು ಪರೀಕ್ಷೆಗೆ ಹಿಡಿದೆ. ಒಂದು ಕಟ್‌ಗೆ ಜಾಸ್ತಿ ಅಂದರೆ ಎಷ್ಟು ಆಳ ಕೊಡಬಹುದು ಅನ್ನುವುದು ಟೂಲ್ ಡಬ್ಬಿ ಮೇಲೆ ಬರೆದಿರುವುದರಿಂದ ಗೊತ್ತಾಗುವುದಿಲ್ಲ. ಆ ಟಿಪ್ ಮೂರು ಮಿಲಿ ಬೇಕಾದರೂ ತಡೆದೀತು. ತಡೆಯದೇ ಇರುವುದು ನನ್ನ ಬೆಲ್ಟ್. ಹತ್ತು ಎಚ್‌ಪಿ ಮಷಿನ್ ಇದ್ದವರ ಸಂಖ್ಯೆ ನನಗೆ ಉಪಯೋಗ ಇಲ್ಲ.

ಎರಡು ಮಿಲಿ ಆಳದ ಉತ್ತರ ಸೋಮವಾರವೇ ಸಿಕ್ಕಿತ್ತು. 1.5 ಕೊಟ್ಟು ನೋಡಿದೆ. ನಿಲ್ಲಲಿಲ್ಲ. ಆದರೆ ಮೋಟರ್ ಭಾರ ಹೊತ್ತವರಂತೆ ಗುಂಯ್ ಅನ್ನುತ್ತಿತ್ತು, ಮೈ ಮೇಲೆ ಮೀನಿನ ಪೊರೆಯಂಥ ಅಲೆ ಬಿತ್ತು. ಬೆರಳು ಸವರಿದರೆ ತಿಳಿಯುತ್ತದೆ, ಕಣ್ಣಿಗಿಂತ ಮೊದಲು. ಮಧ್ಯಾಹ್ನ ವೋಲ್ಟೇಜ್ ಸ್ವಲ್ಪ ಬಿದ್ದರೆ ಇದೇ ಕಟ್‌ನಲ್ಲಿ ಬೆಲ್ಟ್ ಮತ್ತೆ ಜಾರುತ್ತದೆ ಅನ್ನಿಸಿತು. 1.25ಕ್ಕೆ ಇಳಿಸಿದೆ. ಸದ್ದು ಒಂದೇ ಸಮ ಆಯಿತು. ಚಿಪ್ಸ್ ತುಂಡುತುಂಡಾಗಿ, ತಿಳಿ ಹಳದಿ ಬಣ್ಣದಲ್ಲಿ ಟ್ರೇಗೆ ಬೀಳತೊಡಗಿತು.

ನನ್ನ ಮಷಿನ್‌ಗೆ, ಇಎನ್8ಗೆ, 0.2 ಫೀಡ್‌ಗೆ, 450 ಸ್ಪೀಡ್‌ಗೆ ಮಿತಿ 1.25. ಇದರಲ್ಲಿ ಒಂದು ಬದಲಾದರೂ ಮತ್ತೆ ನೋಡಬೇಕು.

ಸಂಜೆ ಚಹಾ ಕುಡಿಯುತ್ತಾ, ಈ ಸಲ ಕಾಗದದ ಮೇಲೆಯೇ, ಲೆಕ್ಕ ಹಾಕಿದೆ:

```
(49.92 - 40.01) / 2 = 4.955
4.955 - (2 x 0.25)  = 4.455
4.455 / 1.25        = 3.56 -> 4
4.455 / 4           = 1.11
```

ಮೊದಲ ಸಾಲಿನಲ್ಲಿ ವ್ಯಾಸವನ್ನು ಎರಡರಿಂದ ಭಾಗಿಸಿದ್ದೇನೆ. ಇನ್ನು ಕೊನೆಯ ತನಕ ಎಲ್ಲವೂ ಟೂಲ್ ಹೋಗುವ ಆಳ, ವ್ಯಾಸದ ಮಾತೇ ಇಲ್ಲ. ಎರಡನೇ ಸಾಲಿನಲ್ಲಿ ಫಿನಿಶಿಂಗ್‌ಗೆ ಎರಡು ಕಟ್, ತಲಾ 0.25, ಮೊದಲೇ ಎತ್ತಿಟ್ಟೆ. 0.4 ಮೂಗಿಗೆ 0.25 ಆಳ ಇದ್ದರೆ ತಿಕ್ಕುವುದಿಲ್ಲ, ಕತ್ತರಿಸುತ್ತದೆ. ಉಳಿದಿದ್ದನ್ನು ಮಿತಿಯಿಂದ ಭಾಗಿಸಿದರೆ 3.56. ಅರ್ಧ ಕಟ್ ಅಂತ ಇರುವುದಿಲ್ಲ, ಹಾಗಾಗಿ ನಾಲ್ಕು.

ಇಲ್ಲಿ ನಾನು ಮೊದಲೆಲ್ಲ ಮಾಡುತ್ತಿದ್ದ ಒಂದು ಕೆಲಸ ಇದೆ. 1.25ರಂತೆ ಮೂರು ಕಟ್ ಹೊಡೆದು, ಉಳಿದ 0.7ನ್ನು ನಾಲ್ಕನೆಯದಾಗಿ ತೆಗೆಯುವುದು. ಈ ಸಲ ಉಳಿಯುವುದು 0.7, ಅದೇನೂ ತೊಂದರೆ ಇಲ್ಲ. ಆದರೆ ಬೇರೆ ಜಾಬ್‌ನಲ್ಲಿ 0.1 ಉಳಿದರೆ? ಅದು ಮತ್ತೆ ತಿಕ್ಕುವ ಕಟ್. ನಾಲ್ಕು ಕಟ್ ಹೇಗೂ ಓಡಿಸುವುದೇ ಆದರೆ ನಾಲ್ಕಕ್ಕೂ ಸಮ ಹಂಚುವುದು ಮೇಲು. ಮಷಿನ್ ಮಿತಿಗೆ ತಾಗುವುದಿಲ್ಲ, ಟೂಲ್ ಬಾಗುವುದೂ ಪ್ರತಿ ಸಲ ಒಂದೇ ಆಗುತ್ತದೆ.

1.11 ನನ್ನ ಡಯಲ್‌ನಲ್ಲಿ ಇಲ್ಲ. 22 ಗೆರೆ ಮೂರು ಸಲ, 23 ಗೆರೆ ಒಂದು ಸಲ, ಒಟ್ಟು 89 ಗೆರೆ, 4.45. ಸಾಕು.

ಮಿಲ್ ಸಾವ್ಕಾರ್ರು ಅಷ್ಟರಲ್ಲಿ ಬಂದರು. "ಆರ್ ಕಟ್ ಯಾಕೋ ತಮ್ಮಾ, ಜಲ್ದಿ ಮುಗಿಸು, ಮಿಲ್ ನಿಂತದ." ಅವರಿಗೆ ಅಲ್ಲೇ ಲೆಕ್ಕ ತೋರಿಸಿದೆ. 450 ಸ್ಪೀಡ್, 0.2 ಫೀಡ್ ಅಂದರೆ ಟೂಲ್ ನಿಮಿಷಕ್ಕೆ 90 ಮಿ.ಮೀ. ನಡೆಯುತ್ತದೆ. 60 ಮಿ.ಮೀ.ಗೆ 40 ಸೆಕೆಂಡ್. ಒಂದು ರಫ್ ಕಟ್ ಉಳಿಸಿದರೆ ಅವರಿಗೆ ಸಿಗುವುದು ಆ 40 ಸೆಕೆಂಡ್. "ಹಂಗಾದ್ರ ಹತ್ ಕಟ್ ಹಾಕು" ಅಂತ ನಕ್ಕು ಹೋದರು.

ಬುಧವಾರ: ಒಂದನೇ ತುದಿ

ಬಾರ್ ಚಕ್‌ನಲ್ಲಿ, ಇನ್ನೊಂದು ತುದಿಗೆ ರಿವಾಲ್ವಿಂಗ್ ಸೆಂಟರ್. ಟೂಲ್ ಮೈಗೆ ಮುಟ್ಟಿಸಿ ಡಯಲ್ ಸೊನ್ನೆ ಮಾಡಿದೆ. 22, 22, 22, 23. ಕ್ಯಾರೇಜ್‌ಗೆ ಸ್ಟಾಪ್ ಕಟ್ಟಿದ್ದರಿಂದ ಭುಜ ಒಂದೇ ಕಡೆ ನಿಂತಿತು.

ಲೆಕ್ಕದಂತೆ 41.02 ಬರಬೇಕು. ತಕ್ಷಣ ಅಳೆದರೆ 41.075. ಜಾಬ್ ಕೈ ಇಡಲಾಗದಷ್ಟು ಬಿಸಿ ಇತ್ತು. ಊಟಕ್ಕೆ ಹೋಗಿ ರೊಟ್ಟಿ ತಿಂದು ಬಂದು ಅಳೆದರೆ 41.06. ಈ 0.015 ಪೂರ್ತಿ ಬಿಸಿಯದ್ದು. 40 ವ್ಯಾಸದ ಉಕ್ಕು 30 ಡಿಗ್ರಿ ಜಾಸ್ತಿ ಬಿಸಿ ಇದ್ದರೆ ಹೆಚ್ಚುಕಡಿಮೆ 0.014 ಉಬ್ಬುತ್ತದೆ. ನನಗೆ ಕೆ6ನಲ್ಲಿ ಇರುವ ಜಾಗವೇ 0.016. ಬಿಸಿಯಲ್ಲಿ ಅಳೆದು ಸರಿ ಅಂದಿದ್ದು ಸಂಜೆಗೆ ಸಣ್ಣದಾಗಿರುತ್ತದೆ. ನಮ್ಮೂರ ಬಿಸಿಲಿನ ಬಗ್ಗೆ ಕೆಲವರು ಕೇಳುತ್ತಾರೆ. ಶೆಡ್ 40 ಡಿಗ್ರಿ ಇದ್ದರೂ ಚಿಂತೆ ಇಲ್ಲ, ಶಾಫ್ಟ್, ಮೈಕ್ರೋಮೀಟರ್, ಬೇರಿಂಗ್ ಮೂರೂ ಉಕ್ಕೇ, ಮೂರೂ ಅದೇ 40ರಲ್ಲಿ ಇರುತ್ತವೆ. ಜಾಬ್ ಮಾತ್ರ ಉಳಿದವಕ್ಕಿಂತ ಬಿಸಿ ಇರಬಾರದು, ಅಷ್ಟೇ.

ಉಳಿದ 0.04 ಟೂಲ್ ಬಾಗಿದ್ದು. ಮುಟ್ಟಿಸಿ ಸೊನ್ನೆ ಮಾಡಿದಾಗ ಟೂಲ್ ಮೇಲೆ ಭಾರ ಇರಲಿಲ್ಲ. ಕಟ್‌ನಲ್ಲಿ ಭಾರ ಬಿದ್ದು 0.02 ಹಿಂದೆ ಸರಿದಿದೆ.

ಈಗ ಇನ್ಸರ್ಟ್ ಟೂಲ್ ಕಟ್ಟಿದೆ. ಫೀಡ್ 0.1. ಮುಟ್ಟಿಸಿ, ಐದು ಗೆರೆ, 0.25. ಡಯಲ್ ಪ್ರಕಾರ 40.56 ಬರಬೇಕು. ಬಂದಿದ್ದು 40.59. ಉಸ್ತಾದರು ಹೇಳಿದ ಸುಳ್ಳು ಇದೇ. ಈ ಕಟ್‌ಗೆ ಟೂಲ್ 0.015 ಹಿಂದೆ ಸರಿಯಿತು. ಮುಂದಿನ ಕಟ್ ಇಷ್ಟೇ ಆಳ, ಇದೇ ಫೀಡ್, ಇದೇ ಅಂಚಿನಲ್ಲಿ ತೆಗೆದರೆ ಆಗಲೂ ಅಷ್ಟೇ ಸರಿಯುತ್ತದೆ. ಅಂದರೆ ಈಗಿರುವ ಜಾಗದಿಂದ ಡಯಲ್ ಎಷ್ಟು ಮುಂದೆ ಹೋಗುತ್ತದೋ ಅಷ್ಟೇ ಲೋಹ ಹೋಗುತ್ತದೆ. ಮೊದಲ ಫಿನಿಶ್ ಕಟ್ ಇರುವುದು ಇದನ್ನು ತಿಳಿಯಲಿಕ್ಕೆ. ನಾನು ಇಷ್ಟು ವರ್ಷ ಅದನ್ನು ಸುಮ್ನೆ ಹೊಳಪಿಗೆ ಅಂದುಕೊಂಡಿದ್ದೆ.

40.59ರಿಂದ 40.01ಕ್ಕೆ 0.58, ಅಂದರೆ ಆಳ 0.29. ಐದು ಗೆರೆ 0.25 ಆಯಿತು, ಉಳಿದ 0.04 ಕ್ರಾಸ್ ಸ್ಲೈಡ್‌ನಲ್ಲಿ ಒಂದು ಗೆರೆಗಿಂತ ಕಡಿಮೆ. ಅಂದಾಜು ಮಾಡಿದ ಫಲ ಸೋಮವಾರ ಕಂಡಿದ್ದೆ. ಅದಕ್ಕೆ ಕ್ರಾಸ್ ಸ್ಲೈಡ್ ಮೇಲೆ ಕೂತು ಬೇಕಾದ ಕೋನಕ್ಕೆ ತಿರುಗುವ ಕಂಪೌಂಡ್ ಸ್ಲೈಡ್‌ನ್ನು ಜಾಬ್‌ನ ಉದ್ದಕ್ಕೆ ಸಮ ಇಟ್ಟು, ಅಲ್ಲಿಂದ 5 ಡಿಗ್ರಿ 44 ಮಿನಿಟ್ ತಿರುಗಿಸಿಕೊಂಡಿದ್ದೆ, ಫಿನಿಶಿಂಗ್ ಶುರುಮಾಡುವ ಮೊದಲೇ. ಈ ಕೋನದಲ್ಲಿ ಕಂಪೌಂಡ್ ಒಂದು ಮಿಲಿ ಮುಂದೆ ಹೋದರೆ ಟೂಲ್ ಜಾಬ್ ಕಡೆ ಅದರ ಹತ್ತನೇ ಒಂದು ಭಾಗ ಮಾತ್ರ ಹೋಗುತ್ತದೆ. ಕಂಪೌಂಡ್‌ನ 0.05ರ ಒಂದು ಗೆರೆ, ವ್ಯಾಸದಲ್ಲಿ 0.01. ಆಳ 0.04 ಬೇಕು, ಎಂಟು ಗೆರೆ ತಿರುಗಿಸಿದೆ. ಇದರಿಂದ ಟೂಲ್ ಜಾಬ್‌ನ ಉದ್ದದ ದಿಕ್ಕಿನಲ್ಲೂ ಸುಮಾರು 0.4 ಚಕ್ ಕಡೆ ಸರಿಯುತ್ತದೆ, ಹಾಗಾಗಿ ಸ್ಟಾಪ್‌ನ್ನು ಅಷ್ಟು ಹಿಂದೆ ತರಬೇಕು. ಮರೆತರೆ ಟೂಲ್ ಭುಜಕ್ಕೆ ಹೋಗಿ ಗುದ್ದುತ್ತದೆ.

ಫೀಡ್ ಹಾಕಿ ಕೈ ಕಟ್ಟಿ ನಿಂತೆ. 80 ಸೆಕೆಂಡ್. ನೂಲಿನಂತೆ ಬಿಡದೆ ಚಿಪ್ಸ್ ಬಂತು. ಆರಿದ ಮೇಲೆ ಅಳೆದರೆ 40.014.

40.01 ಬರಲಿಲ್ಲ, ಯಾಕೆ ಅಂತಲೂ ಗೊತ್ತು. ಎರಡನೇ ಕಟ್ ಮೊದಲನೆಯದಕ್ಕಿಂತ ಸ್ವಲ್ಪ ಆಳ ಆಯಿತು, ಟೂಲ್ ಸ್ವಲ್ಪ ಜಾಸ್ತಿ ಬಾಗಿತು. 40.018ರ ಒಳಗಿದೆ. ಮುಟ್ಟಲಿಲ್ಲ. ಆ ನಾಲ್ಕು ಮೈಕ್ರಾನ್‌ಗೆ ಇನ್ನೊಂದು ಕಟ್ ಕೊಡಲು ಹೋದರೆ ಮತ್ತೆ ತಿಕ್ಕುವ ಆಟ.

ಬುಧವಾರ ಸಂಜೆ: ಎರಡನೇ ತುದಿ

ತಿರುಗಿಸಿ ಹಿಡಿದು, ಡಯಲ್ ಗೇಜ್‌ನಲ್ಲಿ ಜಾಬ್ ನೆಟ್ಟಗೆ ಸುತ್ತುತ್ತಿದೆಯಾ ಅಂತ ನೋಡಿಕೊಂಡು, ಅದೇ ಲೆಕ್ಕ ಮತ್ತೆ. ಒಂದೇ ಬದಲಾವಣೆ: ನಾಲ್ಕೂ ರಫ್ ಕಟ್ ಕಣ್ಣುಮುಚ್ಚಿ ಓಡಿಸದೆ ಮೂರರ ನಂತರ ಆರಿಸಿ ಅಳೆದೆ. 43.36. ಫಿನಿಶಿಂಗ್ ಶುರು ಆಗಬೇಕಾದ್ದು 41.01ರಲ್ಲಿ. ಅಂದರೆ ನಾಲ್ಕನೆಯದು 1.175, ಇಪ್ಪತ್ಮೂರೂವರೆ ಗೆರೆ. ಬಂದಿದ್ದು 41.01. ಮೊದಲ ಫಿನಿಶ್‌ಗೆ 40.54. ಕೊನೆಯದಕ್ಕೆ ಐದು ಗೆರೆ, ಕಂಪೌಂಡ್‌ನಲ್ಲಿ ಮೂರು ಗೆರೆ. ಈ ಸಲ ಎರಡೂ ಕಟ್ ಹೆಚ್ಚುಕಡಿಮೆ ಒಂದೇ ತೂಕ. 40.011.

ಉಸ್ತಾದರಿಗೆ ಫೋನ್ ಮಾಡಿ ಹೇಳಿದೆ. "ಹೂಂ" ಅಂದರು. ಅವರ ಬಾಯಲ್ಲಿ ಅದು ದೊಡ್ಡ ಮಾತು.

ಬೇರಿಂಗ್ ಕೂರಿಸಲು ಒಳರಿಂಗ್ ಮೇಲಷ್ಟೇ ಕೂರುವ ಪೈಪ್ ತುಂಡು ಇಟ್ಟು ಹೊಡೆದೆವು. ಕೈಯಲ್ಲಿ ಹೋಗಲಿಲ್ಲ. ಒಂದೊಂದು ಏಟಿಗೆ ಸ್ವಲ್ಪ ಸ್ವಲ್ಪ ಸರಿಯಿತು, ಭುಜಕ್ಕೆ ತಾಗಿದಾಗ ಸದ್ದು ಬದಲಾಯಿತು.

ಖರ್ಚು

ಬಾರ್ ಎರಡು ಸೇರಿ 1,320, ಒಡೆದ ಟೂಲ್ 120, ಇನ್ಸರ್ಟ್ 180. ಸಾವ್ಕಾರ್ರಿಂದ ಮಜೂರಿ 900 ಮತ್ತು ಒಂದು ಬಾರ್‌ನ ದುಡ್ಡು ಬಂತು. ಇನ್ನೊಂದು ಬಾರ್ ನನ್ನ ಲೆಕ್ಕಕ್ಕೆ. ಒಂದು ಗೆರೆ ಉಳಿಸಿದ್ದಕ್ಕೆ 660.

ಆ ಕೆಟ್ಟ ಶಾಫ್ಟ್ ಗುಜರಿಗೆ ಹಾಕಿಲ್ಲ. ಇನ್ನೊಂದು ಮಿಲ್‌ನವರಿಗೆ ಇದೇ ಉದ್ದದ್ದು 6207 ಬೇರಿಂಗ್‌ಗೆ ಬೇಕಂತೆ, ಅಂದರೆ ತುದಿ 35. ಈಗಿರುವ 39.96ರಿಂದ 35.01ಕ್ಕೆ ಆಳ 2.475. ಫಿನಿಶಿಂಗ್‌ಗೆ 0.5 ತೆಗೆದರೆ 1.975, ಮಿತಿಯಿಂದ ಭಾಗಿಸಿದರೆ 1.58. ಎರಡು ರಫ್, ತಲಾ 0.99, ಎರಡು ಫಿನಿಶ್. ಪರೀಕ್ಷೆಗೆ ಹಿಡಿದ ತುದಿ ಇನ್ನೂ ದಪ್ಪ ಇದೆ, ಅದನ್ನು ಬೇರೆಯಾಗಿ ಅಳೆದು ಬೇರೆ ಲೆಕ್ಕ ಹಾಕಬೇಕು. ಶುಕ್ರವಾರ ಹಿಡಿಯುತ್ತೇನೆ, ಕರೆಂಟ್ ಇದ್ದರೆ.